ಕುಂಡ ತುಂಬಿದ ಸುರುಳಿ ಸುಗಂಧಿ: ಬುಡ ಬಿಡಿಸುವ ಹದ, ಕಾಲ

ಶ್ರಾವಣ ಕಳೆದು ಭಾದ್ರಪದ ಬಂದರೂ ಕುಂಡದ ಸುರುಳಿ ಸುಗಂಧಿಯಲ್ಲಿ ಹೂವಿನ ತೆನೆ ಕಾಣಿಸದಿದ್ದರೆ ಮನೆಯವರಿಗೆ ಮೊದಲು ನೆನಪಾಗುವುದು ಗೊಬ್ಬರ. ಎರಡು ಹಿಡಿ ಕಡಲೆಕಾಯಿ ಹಿಂಡಿ ಹಾಕುತ್ತಾರೆ, ಬಿಸಿಲು ಸಾಲದೇನೋ ಎಂದು ಕುಂಡವನ್ನು ಮಹಡಿಗೆ ಸಾಗಿಸುತ್ತಾರೆ, ಬೇವಿನೆಣ್ಣೆ ಸಿಂಪಡಿಸುತ್ತಾರೆ. ಎಲೆ ಇನ್ನಷ್ಟು ಹಸಿರಾಗುತ್ತದೆ, ಹೂವು ಮಾತ್ರ ಬರುವುದಿಲ್ಲ. ಎರಡು ವರ್ಷದ ಹಿಂದೆ ಸಂಜೆಯಾದರೆ ಅಂಗಳಕ್ಕೆಲ್ಲ ಘಮ ಹರಡುತ್ತಿದ್ದ ಗಿಡ ಅದೇ, ನೀರು ಹಾಕುವ ಕೈಯೂ ಅದೇ. ಬದಲಾಗಿರುವುದು ಮಣ್ಣಿನ ಒಳಗೆ. ಅಲ್ಲಿ ಗಡ್ಡೆಯ ಮೇಲೆ ಗಡ್ಡೆ ಏರಿ ಕುಂಡದ ಗೋಡೆಗೆ ಒತ್ತಿಕೊಂಡಿರುತ್ತದೆ, ಮುಂದಕ್ಕೆ ಹೋಗಲು ದಾರಿಯಿರುವುದಿಲ್ಲ.

ಹೀಗೆ ಕಿಕ್ಕಿರಿದ ಬುಡವನ್ನು ಹೊರತೆಗೆದು, ಕತ್ತರಿಸಿ, ಮತ್ತೆ ನೆಡಬೇಕು. ಎಲ್ಲರಿಗೂ ಗೊತ್ತಿರುವ ಕೆಲಸವೇ ಇದು. ಆದರೆ ಅದನ್ನು ಯಾವಾಗ ಮಾಡಬೇಕು, ಗಡ್ಡೆಯ ಯಾವ ಭಾಗವನ್ನು ಉಳಿಸಿಕೊಳ್ಳಬೇಕು, ಹೊಸ ಕುಂಡದಲ್ಲಿ ಯಾವ ದಿಕ್ಕಿಗೆ ಮುಖ ಮಾಡಿ ಇಡಬೇಕು ಎಂಬ ಮೂರು ವಿಷಯಗಳಲ್ಲಿ ತಪ್ಪುವವರೇ ಹೆಚ್ಚು. ಆ ವರ್ಷ ಹೂವು ಸಿಗುವುದೂ ಸಿಗದಿರುವುದೂ ಈ ಮೂರರ ಮೇಲೆಯೇ ನಿಂತಿದೆ.

ಮೊದಲು ಗಡ್ಡೆ ಬೆಳೆಯುವ ಬಗೆಯನ್ನು ನೋಡಬೇಕು. ಸುರುಳಿ ಸುಗಂಧಿ ಶುಂಠಿ, ಅರಿಸಿನಗಳ ಕುಟುಂಬಕ್ಕೆ ಸೇರಿದ್ದು. ಅದರ ಮೂಲ ನೆಲೆ ಪೂರ್ವ ಹಿಮಾಲಯದ ತಪ್ಪಲು. ನರ್ಸರಿಯವರು ಕ್ಯಾನಾ ಎನ್ನುವ ಕಾಬಾಳೆ ಬೇರೆ ಕುಟುಂಬದ್ದು, ಅಮೆರಿಕ ಖಂಡದ ಉಷ್ಣ ಪ್ರದೇಶಗಳಿಂದ ಬಂದದ್ದು. ಎರಡೂ ಬಾಳೆಯ ದೂರದ ನೆಂಟರು. ಬಾಳೆ ಒಮ್ಮೆ ಗೊನೆ ಬಿಟ್ಟರೆ ಮುಗಿಯಿತು, ಮುಂದಿನ ಫಲ ಪಕ್ಕದ ಕಂದಿನಿಂದಲೇ ಬರಬೇಕು. ಇವೂ ಹಾಗೆಯೇ. ಒಂದು ದಂಟು ಒಮ್ಮೆ ಮಾತ್ರ ಹೂವು ಬಿಡುತ್ತದೆ. ಹೂವು ಮುಗಿದ ದಂಟಿನ ಬುಡದಲ್ಲಿರುವ ಗಡ್ಡೆ ಸಾಯದೆ ಕೂಡಿಟ್ಟ ಹಿಟ್ಟನ್ನು ಹೊತ್ತು ಮಣ್ಣಿನಲ್ಲೇ ಉಳಿಯುತ್ತದೆ, ಆದರೆ ಅದೇ ಜಾಗದಿಂದ ಮತ್ತೊಂದು ದಂಟು ಏಳುವುದಿಲ್ಲ. ಅದರ ಪಕ್ಕದ ಕಣ್ಣು ಒಡೆದು ಹೊಸ ಗಡ್ಡೆಯಾಗುತ್ತದೆ, ನಾಲ್ಕು ಬೆರಳಷ್ಟು ಮುಂದೆ ಸರಿದು ಅಲ್ಲಿ ತಲೆಯೆತ್ತಿ ದಂಟಾಗುತ್ತದೆ. ಮುಂದಿನ ವರ್ಷ ಅದರ ಪಕ್ಕದಿಂದ ಇನ್ನೊಂದು. ಹೀಗೆ ಗಿಡ ವರ್ಷವರ್ಷವೂ ನಡುವಿನಿಂದ ಹೊರಕ್ಕೆ ನಡೆಯುತ್ತ ಹೋಗುತ್ತದೆ.

ನೆಲದಲ್ಲಿ ನೆಟ್ಟ ಗಿಡಕ್ಕೆ ಇದರಿಂದ ತೊಂದರೆಯಿಲ್ಲ, ಅದು ಬೇಕಾದಷ್ಟು ದೂರ ಸರಿದುಕೊಳ್ಳುತ್ತದೆ. ಕುಂಡದಲ್ಲಿ ಹಾಗಾಗದು. 14 ಇಂಚಿನ ಕುಂಡದ ನಡುವೆ ನೆಟ್ಟ ತುಂಡು ಗೋಡೆ ಮುಟ್ಟಲು ಎರಡು ವರ್ಷ ಸಾಕು. ಆಮೇಲೆ ಹೊಸ ಗಡ್ಡೆಗಳು ಗೋಡೆಗುಂಟ ಸುತ್ತುತ್ತವೆ, ಇಲ್ಲವೇ ಹಳೆಯದರ ಬೆನ್ನೇರಿ ಕುಂಡದ ಅಂಚಿಗಿಂತ ಮೇಲೆ ಬರುತ್ತವೆ. ಕುಂಡದ ನಡುವೆ ಹಳೆಯ ಗಡ್ಡೆಗಳ ರಾಶಿ, ಸುತ್ತ ಉಂಗುರದಂತೆ ಎಳೆಯ ದಂಟುಗಳು, ಇವೆರಡರ ಸಂದಿಯಲ್ಲಿ ಒಂದು ಹಿಡಿ ಮಣ್ಣೂ ಉಳಿದಿರುವುದಿಲ್ಲ. ಹಾಕಿದ ಗೊಬ್ಬರ ನಿಲ್ಲಲು ಮಣ್ಣೇ ಇಲ್ಲದ ಮೇಲೆ ಅದರಿಂದ ಪ್ರಯೋಜನವೇನು?

ಕಾಬಾಳೆಯ ನಡಿಗೆ ಇನ್ನೂ ಬಿರುಸು. ಸುರುಳಿ ಸುಗಂಧಿ ಎರಡು, ಮೂರು ವರ್ಷಗಳಲ್ಲಿ ಕುಂಡ ತುಂಬಿದರೆ ಕಾಬಾಳೆಗೆ ಒಂದು ವರ್ಷ ಸಾಕು. ತೆಳುವಾದ ಪ್ಲಾಸ್ಟಿಕ್ ಕುಂಡವನ್ನು ಅದರ ಗಡ್ಡೆ ಒಂದು ಕಡೆ ಉಬ್ಬಿಸಿ ಸೊಟ್ಟ ಮಾಡಿಬಿಡುತ್ತದೆ, ಹಳೆಯ ಮಣ್ಣಿನ ಕುಂಡವಾದರೆ ಸೀಳುವುದೂ ಉಂಟು.

ಕಿಕ್ಕಿರಿದಿದೆಯೇ ಎಂದು ತಿಳಿಯಲು ಅಗೆಯಲೇಬೇಕೆಂದಿಲ್ಲ. ಗಡ್ಡೆ ಮಣ್ಣಿನ ಮೇಲೆ ಕಾಣಿಸುತ್ತಿದೆ ಎಂಬುದೊಂದೇ ಗುರುತಾಗದು, ಏಕೆಂದರೆ ಸುರುಳಿ ಸುಗಂಧಿಯ ಗಡ್ಡೆ ಆರೋಗ್ಯವಾಗಿದ್ದಾಗಲೂ ಅರ್ಧ ಮೇಲಕ್ಕೆ ಕಾಣಿಸಿಕೊಂಡೇ ಮಲಗಿರುತ್ತದೆ. ನಂಬಬಹುದಾದ ಗುರುತು ನೀರು. ತಂಬಿಗೆಯಲ್ಲಿ ನಿಧಾನವಾಗಿ ಹೊಯ್ದ ನೀರು ಇಂಗದೆ ಮೇಲೆಯೇ ನಿಂತರೆ, ಅಥವಾ ಗೋಡೆಯ ಸಂದಿಯಿಂದ ಜಾರಿ ಕೆಳಗಿನ ತೂತಿನಲ್ಲಿ ತಕ್ಷಣ ಹೊರಬಿದ್ದರೆ, ಒಳಗೆ ಬರೀ ಬೇರು, ಗಡ್ಡೆ ಎಂದು ತಿಳಿಯಬೇಕು. ಮತ್ತೊಂದು ಗುರುತು ದಂಟಿನ ದಪ್ಪ. ಈ ವರ್ಷದ ದಂಟುಗಳು ಹೋದ ವರ್ಷದವುಗಳಿಗಿಂತ ಸಣ್ಣಗಿದ್ದು, ಕುಂಡದ ಅಂಚಿನಿಂದ ಹೊರಕ್ಕೆ ವಾಲಿ ಬೆಳೆದಿದ್ದರೆ ಇನ್ನು ಕಾಯಬೇಕಾಗಿಲ್ಲ.

ಆದರೆ ಈ ಗುರುತುಗಳು ಎದ್ದು ಕಾಣುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಹೂವು ಬರದೆ ಬೇಸರವಾದಾಗ. ಆಗ ಕೈಹಾಕುವುದೇ ದೊಡ್ಡ ತಪ್ಪು.

ಮೈಸೂರಿನ ಹವಾಮಾನಕ್ಕೆ ತನ್ನದೇ ಒಂದು ನಡೆಯಿದೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಈ ಊರಿಗೆ ಮಳೆ ಎರಡು ಕಂತುಗಳಲ್ಲಿ ಬರುತ್ತದೆ. ಮೊದಲನೆಯದು ಏಪ್ರಿಲ್, ಮೇ ತಿಂಗಳ ಗುಡುಗು ಮಳೆ, ಅಂದರೆ ಅಶ್ವಿನಿ, ಭರಣಿ, ಕೃತ್ತಿಕೆಗಳ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡು ತೊಯ್ಯುತ್ತಿರುವಾಗ ಇಲ್ಲಿ ಗಾಳಿ, ಮೋಡ, ತುಂತುರು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮತ್ತೆ ಜೋರು ಮಳೆ. ಹಿಮ ಬೀಳುವ ದೇಶಗಳ ತೋಟಗಾರಿಕೆ ಪುಸ್ತಕಗಳು ಹೇಳುವ ವಸಂತದ ಲೆಕ್ಕ ಈ ಊರಿಗೆ ಹೊಂದುವುದಿಲ್ಲ. ಅಲ್ಲಿ ಗಡ್ಡೆಯ ಶತ್ರು ಹಿಮ. ಇಲ್ಲಿ ಶತ್ರುಗಳು ಎರಡು: ಜನವರಿಯ ತಣ್ಣನೆಯ ಒದ್ದೆ ಮಣ್ಣು, ಮಾರ್ಚ್ ಕೊನೆಯಿಂದಾಚೆಗಿನ ಒಣ ಬಿಸಿಲು.

ಸುರುಳಿ ಸುಗಂಧಿ ಈ ಊರಿನಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ ಹೂವು ಬಿಟ್ಟು, ದೀಪಾವಳಿಯ ನಂತರ ನಿಧಾನವಾಗಿ ಹಳದಿಯಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಅದು ಅರೆನಿದ್ದೆಯಲ್ಲಿರುತ್ತದೆ. ಆ ಹಳದಿ ದಂಟುಗಳನ್ನು ನೋಡಿ ಅಸಹ್ಯಪಟ್ಟು ನವೆಂಬರ್‌ನಲ್ಲೇ ಕತ್ತರಿಸಿಬಿಡುವವರಿದ್ದಾರೆ. ಅದು ಸರಿಯಲ್ಲ. ಎಲೆ ಪೂರ್ತಿ ಒಣಗುವವರೆಗೆ ಅದರಲ್ಲಿದ್ದ ಸಾರ ಗಡ್ಡೆಗೆ ಇಳಿಯುತ್ತಿರುತ್ತದೆ, ಮುಂದಿನ ವರ್ಷದ ಮೊಳಕೆ ಎಷ್ಟು ದಪ್ಪ ಬರುತ್ತದೆ ಎಂಬುದು ಅದರ ಮೇಲಿದೆ. ಶಿವರಾತ್ರಿಯ ಹೊತ್ತಿಗೆ ಚಳಿ ಹಿಂದೆ ಸರಿದು ರಾತ್ರಿಯ ತಂಪು ಕಡಿಮೆಯಾಗುತ್ತಿದ್ದಂತೆ ಗಡ್ಡೆಯ ಅಂಚಿನ ಕಣ್ಣುಗಳು ಉಬ್ಬತೊಡಗುತ್ತವೆ. ಮೇಲಿನ ಮಣ್ಣನ್ನು ಬೆರಳಿನಿಂದ ಸ್ವಲ್ಪ ಸರಿಸಿದರೆ ಗುಲಾಬಿ ಛಾಯೆಯ ಬಿಳಿ ಮೊನೆಗಳು ಕಾಣುತ್ತವೆ. ಈ ಮೊನೆಗಳು ಹುಣಿಸೆ ಬೀಜದಷ್ಟಾದಾಗಿನಿಂದ ಒಂದು ಬೆರಳುದ್ದ ಬೆಳೆಯುವವರೆಗಿನ ಅವಧಿಯೇ ಬುಡ ಬಿಡಿಸುವ ಕಾಲ. ಮೈಸೂರಿನಲ್ಲಿ ಅದು ಹೆಚ್ಚುಕಡಿಮೆ ಫೆಬ್ರವರಿ ಕೊನೆಯಿಂದ ಯುಗಾದಿ ಆಸುಪಾಸಿನವರೆಗೆ ಬರುತ್ತದೆ. ತಡವಾದರೂ ಅಶ್ವಿನಿ ಮಳೆಗೆ ಮೊದಲು ಮುಗಿದಿರಬೇಕು.

ಅದಕ್ಕೆ ಮುಂಚೆ ಏಕಾಗದು? ಮಲಗಿರುವ ಗಡ್ಡೆ ನೀರೆಳೆಯುವುದಿಲ್ಲ, ಗಾಯವನ್ನೂ ಬೇಗ ಮಾಯಿಸಿಕೊಳ್ಳುವುದಿಲ್ಲ. ಕತ್ತರಿಸಿದ ಮುಖ ತಣ್ಣನೆಯ ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಕುಳಿತರೆ ಕೊಳೆಯುತ್ತದೆ. ತಡವಾದರೆ ನಷ್ಟ ಬೇರೆ ಬಗೆಯದು. ಮೊಳಕೆ ಮೇಲೆದ್ದು ಹೂವಿನ ತೆನೆ ತಲೆದೋರಲು ಅದಕ್ಕೆ ನಾಲ್ಕೈದು ತಿಂಗಳು ಬೇಕು. ಜೂನ್, ಜುಲೈನಲ್ಲಿ ಬುಡ ಕಿತ್ತರೆ ಅಷ್ಟರಲ್ಲಿ ಆಳೆತ್ತರ ಬೆಳೆದ ದಂಟುಗಳ ಬೇರು ಹರಿದು, ಎಲೆ ಬಾಡಿ, ತುದಿಯೊಳಗೆ ರೂಪುಗೊಳ್ಳುತ್ತಿದ್ದ ತೆನೆ ಅಲ್ಲೇ ಒಣಗುತ್ತದೆ. ಗಿಡ ಸಾಯುವುದಿಲ್ಲ, ಆದರೆ ಆ ವರ್ಷದ ಹೂವು ಹೋಯಿತು. ಮೈಸೂರಿನವರಿಗೆ ಇದನ್ನು ನೆನಪಿಟ್ಟುಕೊಳ್ಳಲು ಒಂದು ಸುಲಭ ದಾರಿಯಿದೆ. ಹಿಂದೆ ನಿಶಾತ್ ಬಾಗ್ ಎಂದು ಕರೆಯುತ್ತಿದ್ದ ಕುಪ್ಪಣ್ಣ ಪಾರ್ಕಿನಲ್ಲಿ ದಸರಾ ಫಲಪುಷ್ಪ ಪ್ರದರ್ಶನ ನಡೆಯುವ ಹೊತ್ತಿಗೆ ಮನೆಯ ಕುಂಡದಲ್ಲೂ ಹೂವಿರಬೇಕೆಂದರೆ, ಅಲ್ಲಿಂದ ಆರು ತಿಂಗಳು ಹಿಂದಕ್ಕೆ ಎಣಿಸಬೇಕು. ಲೆಕ್ಕ ಬಂದು ನಿಲ್ಲುವುದು ಯುಗಾದಿಯ ಹತ್ತಿರ.

ಕಾಬಾಳೆಗೆ ಇಷ್ಟು ಕಟ್ಟುನಿಟ್ಟಿಲ್ಲ. ಈ ಊರಿನ ಚಳಿ ಅದನ್ನು ಮಲಗಿಸುವಷ್ಟಿಲ್ಲವಾದ್ದರಿಂದ ಅದು ವರ್ಷವಿಡೀ ಒಂದಲ್ಲ ಒಂದು ದಂಟು ಏಳಿಸುತ್ತಲೇ ಇರುತ್ತದೆ. ನೆಟ್ಟ ಎರಡೂವರೆ, ಮೂರು ತಿಂಗಳಿಗೆ ಹೂವು ಬಿಡುತ್ತದೆ. ಹಾಗಾಗಿ ಫೆಬ್ರವರಿಯಿಂದ ಜೂನ್ ಮಧ್ಯದವರೆಗೆ ಯಾವಾಗ ಬೇಕಾದರೂ ಬಿಡಿಸಬಹುದು. ಆದರೂ ಭರಣಿ ಮಳೆಗೆ ಸ್ವಲ್ಪ ಮುಂಚೆ ನೆಟ್ಟ ತುಂಡು ಹಿಡಿದಷ್ಟು ಚೆನ್ನಾಗಿ ಬೇರೆ ಯಾವಾಗಲೂ ಹಿಡಿಯುವುದಿಲ್ಲ.

ಇನ್ನು ಕೆಲಸ. ಒಂದು ಕುಂಡವನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಸರಸ್ವತಿಪುರಂ ಅಥವಾ ಕುವೆಂಪುನಗರದಂಥ ಬಡಾವಣೆಯ ಮನೆಯೊಂದರ ಪೂರ್ವದ ಮೆಟ್ಟಿಲ ಪಕ್ಕದಲ್ಲಿ 14 ಇಂಚಿನ ಕುಂಡ, ಮೂರು ವರ್ಷದ ಹಿಂದೆ ಒಂದೇ ತುಂಡು ನೆಟ್ಟ ಸುರುಳಿ ಸುಗಂಧಿ. ಮೊದಲ ವರ್ಷ ಮೂರು ದಂಟು, ಎರಡನೇ ವರ್ಷ ಎಂಟೊಂಬತ್ತು, ಎಲ್ಲದರಲ್ಲೂ ಹೂವು. ಮೂರನೇ ವರ್ಷ ಇಪ್ಪತ್ತು ದಂಟು, ಹೂವು ನಾಲ್ಕರಲ್ಲಿ ಮಾತ್ರ. ಈಗ ಮಾರ್ಚ್ ಮೊದಲ ವಾರ, ಕಣ್ಣುಗಳು ಮೂಡಿವೆ.

ಹಿಂದಿನ ಸಂಜೆ ಕುಂಡಕ್ಕೆ ಚೆನ್ನಾಗಿ ನೀರು ಹಾಕಿಡಬೇಕು. ಒಣಗಿದ ಬೇರು ಗೋಡೆಗೆ ಅಂಟಿಕೊಂಡು ಹರಿಯುತ್ತದೆ, ನೆನೆದದ್ದು ಜಾರುತ್ತದೆ. ಬೆಳಗ್ಗೆ ಹಳೆಯ ದಂಟುಗಳನ್ನು ಒಂದು ಗೇಣು ಉಳಿಸಿ ಕತ್ತರಿಸಬೇಕು. ಪೂರ್ತಿ ಬುಡಕ್ಕೆ ಕತ್ತರಿಸಿದರೆ ಮುಂದೆ ಹಿಡಿದೆತ್ತಲೂ ಏನೂ ಇರುವುದಿಲ್ಲ, ಯಾವ ಗಡ್ಡೆ ಯಾವ ವರ್ಷದ್ದೆಂದೂ ತಿಳಿಯುವುದಿಲ್ಲ. ಉದ್ದನೆಯ ಚೂರಿಯನ್ನು ಗೋಡೆಗುಂಟ ಒಂದು ಸುತ್ತು ಆಡಿಸಿ, ಕುಂಡವನ್ನು ಗೋಣಿಚೀಲದ ಮೇಲೆ ಮಲಗಿಸಿ, ಉರುಳಿಸುತ್ತ ಅಂಗೈಯಿಂದ ತಟ್ಟಿದರೆ ಇಡೀ ಮುದ್ದೆ ಹೊರಬರುತ್ತದೆ. ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಕುಂಡವಾದರೆ ಅದು ಬರುವುದಿಲ್ಲ. ದಂಟು ಹಿಡಿದು ಜಗ್ಗಿದರೆ ದಂಟಷ್ಟೇ ಕೈಗೆ ಬರುತ್ತದೆ. ಅಂಥಲ್ಲಿ ಹಳೆಯ ಗರಗಸದಿಂದ ಬುಡವನ್ನು ಕುಂಡದೊಳಗೇ ಎರಡಾಗಿ ಕೊಯ್ದು, ಅರ್ಧರ್ಧವಾಗಿ ಎತ್ತುವುದೊಂದೇ ದಾರಿ.

ಹೊರಬಂದ ಮುದ್ದೆಗೆ ಪೈಪಿನಿಂದ ನೀರು ಬಿಟ್ಟು ಮಣ್ಣನ್ನು ಪೂರ್ತಿ ತೊಳೆಯಬೇಕು. ಅವಸರದವರು ಬಿಟ್ಟುಬಿಡುವ ಹಂತವಿದು. ಆದರೆ ಮಣ್ಣಿದ್ದರೆ ಗಡ್ಡೆಯನ್ನು ಓದಲಾಗದು. ತೊಳೆದ ಮೇಲೆ ಅದರ ಚರಿತ್ರೆಯೆಲ್ಲ ಬಿಚ್ಚಿಕೊಳ್ಳುತ್ತದೆ. ನಡುವೆ ಕಂದು ಸಿಪ್ಪೆಯ, ಬೇರು ಕಡಿಮೆಯಾದ, ದಂಟು ಬಿದ್ದ ಗುಂಡನೆಯ ಗಾಯಗಳಿರುವ ಗಡ್ಡೆಗಳು, ಅವು ಮೊದಲ ವರ್ಷದವು. ಅವುಗಳಿಂದ ಹೊರಟ ಎರಡನೇ ವರ್ಷದವಕ್ಕೆ ಒಣಗಿದ ಮೋಟು ದಂಟು ಅಂಟಿಕೊಂಡಿರುತ್ತದೆ. ಅಂಚಿನಲ್ಲಿ ಹೋದ ವರ್ಷದ ದಂಟು ಹೊತ್ತ, ಹೊಳಪು ಸಿಪ್ಪೆಯ, ದಪ್ಪ ಬಿಳಿ ಬೇರುಗಳ ಗಡ್ಡೆಗಳು, ಅವುಗಳ ಪಕ್ಕದಲ್ಲೇ ಹೊಸ ಮೊನೆಗಳು. ಒಂದು ಗಡ್ಡೆ ಇನ್ನೊಂದಕ್ಕೆ ಸೇರುವಲ್ಲಿ ಕತ್ತಿನಂತೆ ಕಿರಿದಾಗಿರುತ್ತದೆ. ಚೂರಿ ಹಾಕಬೇಕಾದದ್ದು ಅಲ್ಲಿ. ದಪ್ಪನೆಯ ಹೊಟ್ಟೆಯ ಮೇಲೆ ಹಾಕಿದರೆ ಗಾಯದ ಮುಖ ಮೂರು ಪಟ್ಟು ದೊಡ್ಡದಾಗುತ್ತದೆ.

ಉಳಿಸಿಕೊಳ್ಳಬೇಕಾದದ್ದು ಅಂಚನ್ನು. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಬುಡವನ್ನು ನಾಲ್ಕು ಸಮಭಾಗ ಮಾಡಿ, ಎಲ್ಲಕ್ಕಿಂತ ದಪ್ಪಗೆ ಕಾಣುವ ನಡುವಿನ ಗಡ್ಡೆಯನ್ನು ತಾಯಿಯೆಂಬ ಗೌರವದಿಂದ ಹೊಸ ಕುಂಡಕ್ಕೆ ಹಾಕಿ, ಅಂಚಿನ ಎಳೆಯ ತುಂಡುಗಳನ್ನು ಪಕ್ಕದ ಮನೆಗೆ ಕೊಡುತ್ತಾರೆ. ಮಾರನೆಯ ವರ್ಷ ಹೂವು ಅರಳುವುದು ಪಕ್ಕದ ಮನೆಯಲ್ಲಿ. ನಡುವಿನ ಗಡ್ಡೆಯಲ್ಲೂ ಮಲಗಿರುವ ಕಣ್ಣು ಒಂದೆರಡು ಇರಬಹುದು, ಅವು ಮೊಳೆಯಲೂ ಬಹುದು, ಆದರೆ ಬರುವ ದಂಟು ಸಣ್ಣದು, ಹೂವಿಗೆ ಒಂದು ವರ್ಷ ಹೆಚ್ಚು ಕಾಯಬೇಕು.

ತುಂಡಿನ ಅಳತೆ ಇನ್ನೊಂದು ಪ್ರಶ್ನೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ಶುಂಠಿ ಬೆಳೆಗಾರರು ಇಪ್ಪತ್ತು, ಇಪ್ಪತ್ತೈದು ಗ್ರಾಂ ತೂಕದ, ಒಂದೆರಡು ಕಣ್ಣುಳ್ಳ ಬಿತ್ತನೆ ತುಂಡುಗಳನ್ನು ನೆಡುತ್ತಾರೆ. ಅವರಿಗೆ ಬೇಕಾದದ್ದು ಗಡ್ಡೆ, ಹೂವಲ್ಲ. ಸುರುಳಿ ಸುಗಂಧಿಯಲ್ಲಿ ಅಷ್ಟು ಚಿಕ್ಕ ತುಂಡು ಮೊದಲ ವರ್ಷವನ್ನು ಎಲೆ ಬೆಳೆಸುವುದರಲ್ಲೇ ಕಳೆಯುತ್ತದೆ. ಅದೇ ವರ್ಷ ಹೂವು ಬೇಕಿದ್ದರೆ ಒಂದಕ್ಕೊಂದು ಅಂಟಿಕೊಂಡ ಎರಡು ಅಥವಾ ಮೂರು ಗಡ್ಡೆ, ಅದರಲ್ಲಿ ಎರಡು ಮೂರು ಜೀವಂತ ಮೊನೆ, ಕೆಳಗೆ ಹರಿಯದ ಬೇರು ಇರಬೇಕು, ಅಂದರೆ ಅಂಗೈ ಅಗಲದ ತುಂಡು. ನಮ್ಮ ಉದಾಹರಣೆಯ ಕುಂಡದಿಂದ ಅಂಥವು ನಾಲ್ಕೋ ಐದೋ ಸಿಕ್ಕಾವು. ಅದಕ್ಕಿಂತ ಹೆಚ್ಚಿಗೆ ಆಸೆಪಟ್ಟರೆ ಕುಂಡಗಳ ಸಂಖ್ಯೆ ಹೆಚ್ಚುತ್ತದೆ, ಹೂವು ಕಡಿಮೆಯಾಗುತ್ತದೆ. ಕಾಬಾಳೆಯ ವಿಷಯದಲ್ಲಿ ಒಂದೆರಡು ಕಣ್ಣಿನ ತುಂಡೂ ಸಾಕು, ಅದರ ವೇಗ ಹಾಗಿದೆ. ಆದರೆ ಎಲೆಯಿರುವ ದಂಟನ್ನು ಹಾಗೆಯೇ ನೆಡಬಾರದು. ಬೇರಿಲ್ಲದ ತುಂಡು ಅಷ್ಟು ದೊಡ್ಡ ಎಲೆಗಳಿಗೆ ನೀರು ಒದಗಿಸಲಾರದು. ದಂಟನ್ನು ಒಂದು ಗೇಣಿಗೆ ಇಳಿಸಿಯೇ ನೆಡಬೇಕು.

ಕತ್ತರಿಸುವಾಗ ಪ್ರತಿ ಮುಖವನ್ನೂ ನೋಡಬೇಕು. ಆರೋಗ್ಯವಾದ ಸುರುಳಿ ಸುಗಂಧಿಯ ಗಡ್ಡೆಯ ಒಳಗು ಗಟ್ಟಿ, ಕೆನೆಬಣ್ಣದ್ದು, ಶುಂಠಿಯಂಥ ವಾಸನೆಯದು. ಕಂದಾಗಿ ಮೆತ್ತಗಿದ್ದು ಕೆಟ್ಟ ನಾತ ಬಂದರೆ ಕೊಳೆ ಹಿಡಿದಿದೆ ಎಂದರ್ಥ, ಬಿಳಿ ತಿರುಳು ಸಿಗುವವರೆಗೆ ಹೆರೆದು ತೆಗೆಯಬೇಕು. ಅದಕ್ಕಿಂತ ಅಪಾಯದ್ದು ಶುಂಠಿ ಹೊಲಗಳಲ್ಲಿ ಕಾಣುವ ಬ್ಯಾಕ್ಟೀರಿಯಾ ಸೊರಗು ರೋಗ. ಅದು ಈ ಗಿಡಕ್ಕೂ ಹರಡಬಲ್ಲದು. ನೀರಿದ್ದರೂ ಹಸಿರೆಲೆ ಸುರುಳಿ ಸುತ್ತಿ ಬಾಡಿದ ಗಿಡದ ಮೇಲೆ ಅನುಮಾನವಿದ್ದರೆ ದಂಟಿನ ಬುಡದ ತುಂಡೊಂದನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ತೂಗಿಬಿಡಬೇಕು. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಮುಖದಿಂದ ಹಾಲಿನಂಥ ಎಳೆಗಳು ಕೆಳಗಿಳಿದರೆ ಆ ಗಿಡವನ್ನೂ ಆ ಮಣ್ಣನ್ನೂ ಉಳಿಸಿಕೊಳ್ಳಬಾರದು. ಶುಂಠಿ ಬೆಳೆದ ಹೊಲದ ಮಣ್ಣನ್ನು ಕುಂಡಕ್ಕೆ ತರಬಾರದು ಎನ್ನುವುದೂ ಇದಕ್ಕೇ.

ಕಾಬಾಳೆಯಲ್ಲಿ ನೋಡಬೇಕಾದದ್ದು ಎಲೆ, ಅದೂ ಅಗೆಯುವ ಮೊದಲೇ. ಕಾಬಾಳೆಯ ಹಳದಿ ಮಚ್ಚೆ ವೈರಸ್ ಗಡ್ಡೆಯ ಮೂಲಕ ತುಂಡಿನಿಂದ ತುಂಡಿಗೆ ಸಾಗುತ್ತದೆ, ಅದಕ್ಕೆ ಔಷಧವಿಲ್ಲ. ರೋಗ ತಗುಲಿದ ಗಿಡದ ಎಲೆಯ ನರಗುಂಟ ಹಳದಿ ಗೀರುಗಳು ಮೂಡಿ, ಆಮೇಲೆ ಕಂದಾಗಿ ಒಣಗುತ್ತವೆ. ಹೂವು ಚಿಕ್ಕದಾಗಿ ಬಣ್ಣಗೆಡುತ್ತದೆ. ಅಂಥ ಒಂದು ಬುಡವನ್ನು ಆರು ಭಾಗ ಮಾಡಿದರೆ ಸಿಗುವುದು ಆರು ರೋಗಿಗಳು. ಇಲ್ಲಿ ಒಂದು ಎಚ್ಚರ ಬೇಕು. ನರ್ಸರಿಗಳಲ್ಲಿ ಹಳದಿ ಹಸಿರು ಪಟ್ಟೆಯ ಎಲೆಯ ಕಾಬಾಳೆ ತಳಿಯೇ ಒಂದಿದೆ, ಅದು ರೋಗವಲ್ಲ. ತಳಿಯ ಪಟ್ಟೆ ಪ್ರತಿ ಎಲೆಯಲ್ಲೂ ಒಂದೇ ಕ್ರಮದಲ್ಲಿ, ಅಚ್ಚುಕಟ್ಟಾಗಿ, ನಡುನರದಿಂದ ಅಂಚಿನವರೆಗೆ ಹರಿಯುತ್ತದೆ. ರೋಗದ ಗೀರು ಒಂದೆಲೆಯಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ, ತುಂಡುತುಂಡಾಗಿ ಇರುತ್ತದೆ, ಎಲೆ ಸುಕ್ಕಾಗಿಯೂ ಇರಬಹುದು. ರೋಗದ ಗಿಡವನ್ನು ಗೊಬ್ಬರದ ಗುಂಡಿಗೂ ಹಾಕದೆ ಕಿತ್ತು ವಿಲೇವಾರಿ ಮಾಡಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಚೂರಿಯನ್ನು ಸೋಪಿನಲ್ಲಿ ತೊಳೆದು ಸ್ಪಿರಿಟ್ಟಿನಿಂದ ಒರೆಸಿಕೊಳ್ಳಬೇಕು.

ಗಾಯದ ಮುಖಗಳನ್ನು ನೆರಳಿನಲ್ಲಿ ಅರ್ಧ ದಿನ ಆರಲು ಬಿಟ್ಟರೆ ಮೇಲೆ ತೆಳುವಾದ ಒಣ ಪದರ ಕಟ್ಟಿಕೊಳ್ಳುತ್ತದೆ. ಹಳ್ಳಿಗಳಲ್ಲಿ ಒಲೆಯ ಬೂದಿ ಸವರುವ ರೂಢಿಯಿದೆ, ಅದು ತೇವ ಹೀರಿಕೊಳ್ಳುತ್ತದೆ. ಹಿಂದೆ ಕೊಳೆ ಕಂಡಿದ್ದರೆ ಶುಂಠಿ ಬೆಳೆಗಾರರು ಬಿತ್ತನೆಗೆ ಅನುಸರಿಸುವ ಕ್ರಮ ಇನ್ನೂ ಭದ್ರ: ಒಂದು ಲೀಟರ್ ನೀರಿಗೆ ಮೂರು ಗ್ರಾಂ ಮ್ಯಾಂಕೋಜೆಬ್ ಕರಗಿಸಿ, ಅರ್ಧ ಗಂಟೆ ಮುಳುಗಿಸಿಟ್ಟು, ನೆರಳಿನಲ್ಲಿ ಆರಿಸುವುದು. ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಬೇಕು. ಆದರೆ ಬೇರಿರುವ ತುಂಡನ್ನು ಎರಡು ಮೂರು ದಿನ ಒಣಗಿಸುವುದು ತಪ್ಪು. ಮಾರ್ಚ್ ತಿಂಗಳ ಒಣಹವೆಯಲ್ಲಿ ಆ ದಪ್ಪ ಬಿಳಿ ಬೇರುಗಳು ಮುದುಡಿಹೋದರೆ ಗಿಡ ಮತ್ತೆ ಮೊದಲಿನಿಂದ ಬೇರು ಬಿಡಬೇಕಾಗುತ್ತದೆ.

ಹೊಸ ಕುಂಡ ಆಳಕ್ಕಿಂತ ಅಗಲವಾಗಿರಬೇಕು, ಏಕೆಂದರೆ ಗಡ್ಡೆ ನಡೆಯುವುದು ಅಡ್ಡಡ್ಡಕ್ಕೆ. ಮೈಸೂರಿನ ಕೆಮ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಅಥವಾ ದಪ್ಪ ಮರಳು ಒಂದು ಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಬೇಡ, ಅದರ ಕಾವಿಗೆ ಗಾಯ ಕೊಳೆಯುತ್ತದೆ.

ಇನ್ನು ದಿಕ್ಕಿನ ವಿಷಯ. ಗಡ್ಡೆ ಮುಂದಕ್ಕೆ ಮಾತ್ರ ನಡೆಯುವುದರಿಂದ, ತುಂಡನ್ನು ಕುಂಡದ ನಟ್ಟನಡುವೆ ಇಟ್ಟರೆ ಅರ್ಧ ಕುಂಡ ಅದರ ಬೆನ್ನ ಹಿಂದೆ ವ್ಯರ್ಥವಾಗುತ್ತದೆ. ಕತ್ತರಿಸಿದ ಹಳೆಯ ತುದಿಯನ್ನು ಗೋಡೆಯ ಹತ್ತಿರ ಇಟ್ಟು, ಮೊನೆಗಳಿರುವ ತುದಿಯನ್ನು ಎದುರು ಗೋಡೆಯ ಕಡೆ ಮುಖ ಮಾಡಿಸಬೇಕು. ಆಗ ಅದಕ್ಕೆ ನಡೆಯಲು ಕುಂಡದ ಇಡೀ ಅಗಲ ಸಿಗುತ್ತದೆ, ಮತ್ತೆ ಬಿಡಿಸುವ ಕೆಲಸ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಎರಡು ತುಂಡು ನೆಡುವುದಾದರೆ ಎರಡರ ಬೆನ್ನೂ ಗೋಡೆಗಿರಲಿ, ಮುಖಗಳು ಢಿಕ್ಕಿಯಾಗದಂತೆ ಒಂದನ್ನೊಂದು ಹಾದುಹೋಗುವ ಹಾಗಿರಲಿ. ಆಳ ಕಡಿಮೆಯೇ ಇರಬೇಕು. ಸುರುಳಿ ಸುಗಂಧಿಯ ಬೆನ್ನು ಮುಚ್ಚುವಷ್ಟು, ಎರಡು ಮೂರು ಸೆಂಟಿಮೀಟರ್ ಮಣ್ಣು ಸಾಕು. ಕಾಬಾಳೆಯನ್ನು ಐದಾರು ಸೆಂಟಿಮೀಟರ್ ಕೆಳಗೆ ಇಡಬಹುದು.

ನೆಟ್ಟ ದಿನ ಒಮ್ಮೆ ನೀರು ಹಾಕಿ, ಆಮೇಲೆ ಕೈ ಹಿಡಿಯಬೇಕು. ಎಲೆಯಿಲ್ಲದ ತುಂಡು ಕುಡಿಯುವ ನೀರು ಬಹಳ ಕಡಿಮೆ. ಬಿಸಿಲು ಏರುತ್ತಿದೆ ಎಂಬ ಕನಿಕರದಿಂದ ದಿನವೂ ನೀರೆರೆದು ಕೊಳೆಸಿದ ತುಂಡುಗಳು ಒಣಗಿ ಸತ್ತವುಗಳಿಗಿಂತ ಹೆಚ್ಚು. ಬೆರಳಿನ ಎರಡು ಗೆಣ್ಣಿನಷ್ಟು ಆಳದಲ್ಲಿ ಮಣ್ಣು ಒಣಗಿದ್ದರೆ ಮಾತ್ರ ಹಾಕಬೇಕು. ಕುಂಡವನ್ನು ಮಧ್ಯಾಹ್ನದ ಬಿಸಿಲು ತಾಗದ ಕಡೆ ಇಡಬೇಕು. ಮಹಡಿಯ ಕಾಂಕ್ರೀಟಿನ ಮೇಲೆ ಕಪ್ಪು ಪ್ಲಾಸ್ಟಿಕ್ ಕುಂಡವಿಟ್ಟರೆ ಏಪ್ರಿಲ್‌ನಲ್ಲಿ ಮಣ್ಣೇ ಬೇಯುತ್ತದೆ. ಎರಡು ಮೂರು ವಾರಕ್ಕೆ ಮೊನೆ ಉದ್ದವಾಗಿ ಸುರುಳಿಯೆಲೆ ಬಿಚ್ಚದಿದ್ದರೆ ಗಾಬರಿಯಿಂದ ಕಿತ್ತು ನೋಡುವುದು ಬೇಡ. ಉಳಿಸಿದ ಮೋಟು ದಂಟನ್ನು ಮೆಲ್ಲಗೆ ಅಲ್ಲಾಡಿಸಿದರೆ ಸಾಕು. ಮಣ್ಣನ್ನು ಹಿಡಿದು ನಿಂತಿದ್ದರೆ ಬೇರು ಬಿಡುತ್ತಿದೆ, ಸಲೀಸಾಗಿ ಕೈಗೆ ಬಂದು ಬುಡ ಮೆತ್ತಗಿದ್ದರೆ ಕೊಳೆತಿದೆ.

ಮೂರು ಎಲೆ ಬಿಚ್ಚಿದ ಮೇಲೆ ನಿಯಮ ತಿರುಗುತ್ತದೆ. ಹಿಮಾಲಯದ ತೊರೆಬದಿಯ ಈ ಗಿಡಕ್ಕೆ ಬೆಳೆಯುವ ಕಾಲದಲ್ಲಿ ಸದಾ ತೇವ ಬೇಕು. ಮೈಸೂರಿನ ಜೂನ್, ಜುಲೈ ತುಂತುರನ್ನು ನಂಬಿ ನೀರು ನಿಲ್ಲಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಅಗಲ ಎಲೆಗಳು ಆ ಸಣ್ಣ ಮಳೆಯನ್ನು ಕುಂಡದ ಆಚೆಗೇ ಚೆಲ್ಲುತ್ತವೆ, ಬೀಸುವ ಗಾಳಿ ಇದ್ದ ತೇವವನ್ನೂ ಒಯ್ಯುತ್ತದೆ. ಹೊರಗೆ ಅಂಗಳ ಒದ್ದೆಯಿದ್ದರೂ ಕುಂಡದೊಳಗೆ ಮಣ್ಣು ಒಣಗಿರುತ್ತದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಕಾಬಾಳೆಗೆ ಮಾತ್ರ ದಿನಕ್ಕೆ ಆರು ಗಂಟೆಯ ನೇರ ಬಿಸಿಲು ಬೇಕೇ ಬೇಕು. ಗೊಬ್ಬರ ಕೊಡುವುದೂ ಈಗಲೇ, ತಿಂಗಳಿಗೊಮ್ಮೆ ಒಂದೆರಡು ಹಿಡಿ ಎರೆಗೊಬ್ಬರ. ಯೂರಿಯಾ ಹಾಕಿದರೆ ಎಲೆ ಸೊಕ್ಕುತ್ತದೆ, ತೆನೆ ಹಿಂದೆ ಬೀಳುತ್ತದೆ.

ಕೊನೆಯಲ್ಲಿ ಉಳಿಯುವುದು ಬೇಡವಾದ ನಡುವಿನ ಗಡ್ಡೆಗಳ ರಾಶಿ. ಅದನ್ನು ಮೋರಿಗೋ, ಕುಕ್ಕರಹಳ್ಳಿ ಅಥವಾ ಕಾರಂಜಿ ಕೆರೆಯ ಕಡೆ ಹರಿಯುವ ಕಾಲುವೆಗೋ ಎಸೆಯುವುದು ಸಲ್ಲ. ಒಂದು ಕಣ್ಣುಳ್ಳ ತುಂಡು ತೇವದ ದಡ ಸಿಕ್ಕರೆ ಅಲ್ಲೇ ಬೇರೂರುತ್ತದೆ. ಬ್ರೆಜಿಲ್ ಮತ್ತು ಹವಾಯಿಯಲ್ಲಿ ತೊರೆಗಳ ದಡವನ್ನು ಸುರುಳಿ ಸುಗಂಧಿ ಆಕ್ರಮಿಸಿಕೊಂಡು ಅಲ್ಲಿನ ಗಿಡಗಳನ್ನು ಅಡಗಿಸಿರುವುದು ದಾಖಲಾದ ಸಂಗತಿ. ಹಿಮಾಲಯದ ಗಿಡ ಕರ್ನಾಟಕದ ತೊರೆಗಳಿಗೂ ಹೊರಗಿನದೇ. ರೋಗವಿಲ್ಲದ ಹಳೆಯ ಗಡ್ಡೆಗಳನ್ನು ತೆಳುವಾಗಿ ಹೆಚ್ಚಿ, ಮಹಡಿಯ ಮೇಲೆ ಏಪ್ರಿಲ್ ಬಿಸಿಲಿನಲ್ಲಿ ವಾರವೆರಡು ಹರಡಿ, ಮುರಿದರೆ ಟಕ್ಕೆನ್ನುವಷ್ಟು ಒಣಗಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು. ಹಸಿಯಾಗಿ ಹಾಕಿದರೆ ಮುಂಗಾರಿನಲ್ಲಿ ಗುಂಡಿಯ ಅಂಚಿನಿಂದಲೇ ಮೊಳಕೆ ಏಳುತ್ತದೆ. ಅಂಚಿನ ಒಳ್ಳೆಯ ತುಂಡುಗಳಲ್ಲಿ ಹೆಚ್ಚಾದದ್ದನ್ನು ಯಾರಿಗಾದರೂ ಕೊಡುವಾಗ ಒದ್ದೆ ಕಾಗದದಲ್ಲಿ ಸುತ್ತಿ, ಮೊನೆ ಯಾವ ಕಡೆಗಿದೆಯೆಂದು ತೋರಿಸಿ, ಹಳೆಯ ತುದಿ ಗೋಡೆಗಿರಲಿ ಎಂದು ಹೇಳಿ ಕೊಡಬೇಕು.